ಪುಟ ಬದಲಾಯಿತು, ಹೆಸರು ಬದಲಾಗಲಿಲ್ಲ

ಬ್ರೌಸರಿನ ಮೇಲ್ತುದಿಯಲ್ಲಿ, ಟ್ಯಾಬಿನ ಪುಟ್ಟ ಜಾಗದಲ್ಲಿ ಅರ್ಧ ಕಾಣುವ, ಅರ್ಧ ಮರೆಯಾದ ಒಂದು ಸಾಲು ಇರುತ್ತದೆ. ಅದೇ ಪುಟದ ಶೀರ್ಷಿಕೆ. ಕಣ್ಣು ಕಾಣುವವರು ಅದನ್ನು ಓದುವುದು ಅಪರೂಪ. ಪುಟದ ಬಣ್ಣ, ಚಿತ್ರ, ದೊಡ್ಡ ಅಕ್ಷರದ ತಲೆಬರಹ ಇವೇ ಅವರಿಗೆ ಎಲ್ಲಿದ್ದೇವೆ ಎಂಬುದನ್ನು ಹೇಳಿಬಿಡುತ್ತವೆ. ಆದರೆ ಕಣ್ಣು ಕಾಣದವರು ಕಂಪ್ಯೂಟರನ್ನು ಕಿವಿಯಿಂದ ಬಳಸುತ್ತಾರೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅವರ ಜೊತೆಗಿರುತ್ತದೆ. ಹೊಸ ಪುಟ ತೆರೆದಾಗ ಅದು ಮೊದಲು ಉಚ್ಚರಿಸುವುದು ಈ ಶೀರ್ಷಿಕೆಯನ್ನೇ.

ಭಾರತದಲ್ಲಿ ಬಹಳ ಜನ ಬಳಸುವ ಸ್ಕ್ರೀನ್ ರೀಡರ್‌ಗಳಲ್ಲಿ ಎನ್‌ವಿಡಿಎ ಒಂದು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಈ ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಅದನ್ನು ಬಳಸುವವರು ಇನ್ಸರ್ಟ್ ಕೀಲಿ ಹಿಡಿದು ‘ಟಿ’ ಒತ್ತಿದರೆ ಈಗಿರುವ ಕಿಟಕಿಯ ಹೆಸರು ಕೇಳಿಸುತ್ತದೆ. ಜಾಸ್ ಎಂಬ ಇನ್ನೊಂದು ಹೆಸರಾಂತ ಸ್ಕ್ರೀನ್ ರೀಡರಿನಲ್ಲೂ ಇದೇ ಜೋಡಿ ಕೀಲಿ. ಫೋನು ಬಂದು ಮಾತಾಡಿ ಮುಗಿಸಿ ಮತ್ತೆ ಕಂಪ್ಯೂಟರಿಗೆ ಮರಳಿದಾಗ, ಹತ್ತು ಟ್ಯಾಬುಗಳ ನಡುವೆ ಓಡಾಡುವಾಗ, ಒಂದು ಅರ್ಜಿ ತುಂಬುತ್ತಾ ಎಲ್ಲಿಗೆ ಬಂದೆ ಎಂದು ಅನುಮಾನವಾದಾಗ ಬೆರಳು ತಾನಾಗಿ ಆ ಕೀಲಿಗಳ ಮೇಲೆ ಹೋಗುತ್ತದೆ. ಉತ್ತರ ಸರಿಯಾಗಿದ್ದರೆ ಕೆಲಸ ಮುಂದುವರಿಯುತ್ತದೆ.

ಉತ್ತರ ತಪ್ಪಾಗಿರುವ ತಾಣಗಳು ಈಗ ಬಹಳ. ಅದಕ್ಕೆ ಕಾರಣ ತಾಣ ಕಟ್ಟುವ ರೀತಿಯಲ್ಲಿ ಆಗಿರುವ ಒಂದು ಬದಲಾವಣೆ.

ಹಿಂದಿನ ಕ್ರಮದಲ್ಲಿ ಒಂದು ಕೊಂಡಿ ಒತ್ತಿದರೆ ಸರ್ವರ್‌ನಿಂದ ಇಡೀ ಹೊಸ ಪುಟ ಬರುತ್ತಿತ್ತು. ಹಳೆಯದು ಪೂರ್ತಿ ಹೋಗಿ ಹೊಸದು ಬಂದಿದೆ ಎಂಬುದನ್ನು ಬ್ರೌಸರೇ ಸ್ಕ್ರೀನ್ ರೀಡರಿಗೆ ತಿಳಿಸುತ್ತಿತ್ತು. ಅದು ಶೀರ್ಷಿಕೆಯನ್ನು ಹೇಳಿ, ಬಳಿಕ ಪುಟವನ್ನು ಮೇಲಿನಿಂದ ಓದತೊಡಗುತ್ತಿತ್ತು. ಇದಕ್ಕಾಗಿ ತಾಣ ಕಟ್ಟಿದವರು ಪ್ರತಿ ಪುಟಕ್ಕೊಂದು ಶೀರ್ಷಿಕೆ ಬರೆಯುವುದನ್ನು ಬಿಟ್ಟು ಬೇರೇನೂ ಮಾಡಬೇಕಿರಲಿಲ್ಲ.

ಸಿಂಗಲ್ ಪೇಜ್ ಆ್ಯಪ್ ಎಂದು ಕರೆಯುವ ಈಗಿನ ತಾಣಗಳಲ್ಲಿ ಪುಟ ಬರುವುದು ಒಂದೇ ಸಲ. ಆಮೇಲೆ ಬಳಕೆದಾರರು ಎಲ್ಲಿ ಒತ್ತಿದರೂ ಅದೇ ಪುಟದ ಒಳಗಿನ ಸರಕನ್ನು ಜಾವಾಸ್ಕ್ರಿಪ್ಟ್ ತೆಗೆದು ಬೇರೆ ಸರಕು ಇಡುತ್ತದೆ. ವಿಳಾಸ ಪಟ್ಟಿಯಲ್ಲಿರುವ ವಿಳಾಸವನ್ನೂ ಅದೇ ಬದಲಿಸುತ್ತದೆ. ನೋಡುವವರಿಗೆ ಹೊಸ ಪುಟಕ್ಕೆ ಹೋದಂತೆಯೇ ಅನ್ನಿಸುತ್ತದೆ, ಅದೂ ಬೇಗ. ಆದರೆ ಬ್ರೌಸರಿನ ಲೆಕ್ಕದಲ್ಲಿ ಹೊಸ ಪುಟ ಬಂದೇ ಇಲ್ಲ. ಹಾಗಾಗಿ ಅದು ಸ್ಕ್ರೀನ್ ರೀಡರಿಗೆ ಏನನ್ನೂ ಹೇಳುವುದಿಲ್ಲ. ಮೊದಲ ಪುಟದ ಶೀರ್ಷಿಕೆ ಹಾಗೆಯೇ ಉಳಿಯುತ್ತದೆ. ಬೋರ್ಡು ಬದಲಿಸದೆ ಬಸ್ಸು ಬೇರೆ ಊರಿನ ಹಾದಿ ಹಿಡಿದಂತೆ ಇದು.

ಒಂದು ಉದಾಹರಣೆಯನ್ನು ಕೈಗೆತ್ತಿಕೊಂಡು ನೋಡುವುದು ಒಳ್ಳೆಯದು. ಕನ್ನಡ ಪುಸ್ತಕ ಮಾರುವ ಒಂದು ತಾಣ ಇದೆ ಎಂದುಕೊಳ್ಳೋಣ, ಅದರ ಹೆಸರು ‘ಪುಸ್ತಕ ಮಳಿಗೆ’ ಎಂದಿರಲಿ. ಮೊದಲ ಪುಟದ ಶೀರ್ಷಿಕೆಯೂ ‘ಪುಸ್ತಕ ಮಳಿಗೆ’. ಕಣ್ಣು ಕಾಣದ ಓದುಗರೊಬ್ಬರು ಕಾದಂಬರಿಗಳ ಪಟ್ಟಿಗೆ ಹೋಗಿ, ಅಲ್ಲಿ ‘ಪರ್ವ’ದ ಕೊಂಡಿಯ ಮೇಲೆ ಎಂಟರ್ ಒತ್ತುತ್ತಾರೆ. ಪಟ್ಟಿ ಮಾಯವಾಗಿ ಭೈರಪ್ಪನವರ ಕಾದಂಬರಿಯ ವಿವರ, ಬೆಲೆ, ಕೊಳ್ಳುವ ಗುಂಡಿ ಬರುತ್ತವೆ. ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ಒತ್ತಿದ್ದು ತಾಗಲಿಲ್ಲವೇನೋ ಎಂದುಕೊಂಡು ಅವರು ಮತ್ತೆ ಒತ್ತುತ್ತಾರೆ. ಅಷ್ಟರಲ್ಲಿ ಆ ಕೊಂಡಿಯೇ ಪುಟದಲ್ಲಿಲ್ಲ. ಕೀಲಿಮಣೆಯ ಫೋಕಸ್ ನಿಂತಿದ್ದ ಜಾಗವೇ ಕಳಚಿಹೋದ್ದರಿಂದ ಫೋಕಸ್ ಅವರಿಗೆ ಗೊತ್ತಿಲ್ಲದೆ ಪುಟದ ಬುಡಕ್ಕೆ, ಅಂದರೆ ಯಾವ ಗುಂಡಿಯೂ ಕೊಂಡಿಯೂ ಅಲ್ಲದ ಜಾಗಕ್ಕೆ ಜಾರಿರುತ್ತದೆ. ಕೊನೆಗೆ ಇನ್ಸರ್ಟ್ ಮತ್ತು ಟಿ ಒತ್ತಿ ಕೇಳುತ್ತಾರೆ. ಬರುವ ಉತ್ತರ ‘ಪುಸ್ತಕ ಮಳಿಗೆ’. ಮೊದಲ ಪುಟಕ್ಕೇ ವಾಪಸಾದೆ ಎಂದು ಅವರು ತಿಳಿದರೆ ಅದು ಅವರ ತಪ್ಪಲ್ಲ.

ಇದೇ ತಾಣದಲ್ಲಿ ಮೂರು ಪುಸ್ತಕಗಳನ್ನು ಮೂರು ಟ್ಯಾಬುಗಳಲ್ಲಿ ತೆರೆದಿಟ್ಟು ಹೋಲಿಸಲು ಹೊರಟರೆ ಮೂರರ ಹೆಸರೂ ‘ಪುಸ್ತಕ ಮಳಿಗೆ’ ಎಂದೇ ಬರುತ್ತದೆ. ಬುಕ್‌ಮಾರ್ಕ್ ಇಟ್ಟರೂ, ನಿನ್ನೆ ನೋಡಿದ ಪುಟವನ್ನು ಹಿಸ್ಟರಿಯಲ್ಲಿ ಹುಡುಕಿದರೂ ಅದೇ ಹೆಸರಿನ ಸಾಲು ಸಾಲು. ಈ ಕಷ್ಟ ಕಣ್ಣು ಕಾಣುವವರಿಗೂ ತಟ್ಟುತ್ತದೆ.

ಇದಕ್ಕೆ ಮದ್ದು ಒಂದು ಸಾಲಿನ ಕೋಡ್ ಎಂದು ಹೇಳುವುದುಂಟು, `document.title` ಎಂಬುದಕ್ಕೆ ಹೊಸ ಹೆಸರು ಕೊಟ್ಟರೆ ಮುಗಿಯಿತು ಎಂದು. ಆ ಸಾಲು ಬೇಕೇ ಬೇಕು. ಆದರೆ ಅದನ್ನು ಎಲ್ಲಿ, ಯಾವಾಗ ಬರೆಯುತ್ತಾರೆ ಎಂಬುದರ ಮೇಲೆ ಅದರ ಫಲ ನಿಂತಿದೆ.

ಮೊದಲ ಎಡವಟ್ಟು ವಿಳಾಸ ಬದಲಿಸುವ ಕಡೆಯೇ ಆಗುತ್ತದೆ. ಬ್ರೌಸರಿನಲ್ಲಿ ಇದಕ್ಕಾಗಿ `history.pushState` ಎಂಬ ಸೌಲಭ್ಯವಿದೆ. ಅದಕ್ಕೆ ಮೂರು ವಿಷಯ ಕೊಡಬೇಕು. ನಡುವಿನದು ಶೀರ್ಷಿಕೆಗಾಗಿ ಇಟ್ಟ ಜಾಗವಾಗಿತ್ತು. ಹಾಗಾಗಿ ಅನೇಕರು ಅಲ್ಲಿ ಪುಟದ ಹೆಸರು ಬರೆದು ನಿಶ್ಚಿಂತರಾಗುತ್ತಾರೆ. ಇಂದಿನ ಬ್ರೌಸರ್‌ಗಳು ಆ ಜಾಗವನ್ನು ನೋಡುವುದೇ ಇಲ್ಲ. ಎಚ್‌ಟಿಎಂಎಲ್ ಮಾನಕದಲ್ಲೇ ಅದರ ಹೆಸರು ಈಗ `unused`. ಶೀರ್ಷಿಕೆಯನ್ನು ಬೇರೆಯಾಗಿಯೇ ಕೊಡಬೇಕು, ಅದೂ ವಿಳಾಸ ಬದಲಾದ ಮೇಲೆ. ಮೊದಲೇ ಕೊಟ್ಟರೆ ಹಿಸ್ಟರಿಯಲ್ಲಿ ಬಿಟ್ಟುಹೋಗುವ ಪುಟಕ್ಕೆ ಹೋಗುವ ಪುಟದ ಹೆಸರು ಅಂಟಿಕೊಳ್ಳುತ್ತದೆ. ಬ್ರೌಸರಿನ ಹಿಂದಕ್ಕೆ ಗುಂಡಿಯನ್ನು ಒತ್ತಿ ಹಿಡಿದಾಗ ಬರುವ ಪಟ್ಟಿಯಲ್ಲಿ ಹೆಸರುಗಳೆಲ್ಲ ಒಂದು ಹೆಜ್ಜೆ ಆಚೀಚೆ ಕಂಡರೆ ಈ ತಪ್ಪಾಗಿದೆ ಎಂದು ತಿಳಿಯಬಹುದು.

ಎರಡನೆಯ ಎಡವಟ್ಟು ಇನ್ನೂ ಆಳದ್ದು. ಕೊಂಡಿ ಒತ್ತಿದ ಕ್ಷಣಕ್ಕೆ ಶೀರ್ಷಿಕೆ ಬದಲಿಸುವ ಸಾಲನ್ನು ಕಟ್ಟಿಹಾಕುವುದು. ‘ಪರ್ವ’ದ ಕೊಂಡಿ ಒತ್ತಿದರೆ ಶೀರ್ಷಿಕೆ ‘ಪರ್ವ’ ಆಗುತ್ತದೆ, ಸರಿ. ಹಿಂದಕ್ಕೆ ಗುಂಡಿ ಒತ್ತಿ ಪಟ್ಟಿಗೆ ಮರಳಿದರೆ? ಅಲ್ಲಿ ಯಾವ ಕೊಂಡಿಯನ್ನೂ ಒತ್ತಿಲ್ಲ, ಹಾಗಾಗಿ ಪಟ್ಟಿಯ ಮುಂದೆ ಕೂತಿದ್ದರೂ ಶೀರ್ಷಿಕೆ ‘ಪರ್ವ’ ಎಂದೇ ಹೇಳುತ್ತಿರುತ್ತದೆ. ಗೆಳೆಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಿಳಾಸದಿಂದ ನೇರವಾಗಿ ‘ಪರ್ವ’ದ ಪುಟಕ್ಕೆ ಬಂದವರಿಗೂ ಅಷ್ಟೇ, ಅವರು ಒಳಗಿನ ಯಾವ ಕೊಂಡಿಯನ್ನೂ ಒತ್ತಿ ಬಂದವರಲ್ಲ. ಆದ್ದರಿಂದ ಶೀರ್ಷಿಕೆ ಹುಟ್ಟಬೇಕಾದದ್ದು ಒತ್ತುವಿಕೆಯಿಂದ ಅಲ್ಲ, ವಿಳಾಸದಿಂದ. ಈ ವಿಳಾಸಕ್ಕೆ ಈ ನೋಟ, ಈ ನೋಟಕ್ಕೆ ಈ ಹೆಸರು ಎಂದು ಒಂದೇ ಕಡೆ ನಿಶ್ಚಯವಾಗಬೇಕು. ಯಾವ ದಾರಿಯಿಂದ ಬಂದರೂ ಅದೇ ಕೆಲಸ ನಡೆಯಬೇಕು.

```js
function render(view) {
  main.replaceChildren(view.node);
  document.title = view.name + " – ಪುಸ್ತಕ ಮಳಿಗೆ";
  const h1 = main.querySelector("h1");
  h1.tabIndex = -1;
  h1.focus();
}
```

ಕೊಂಡಿ ಒತ್ತಿದಾಗ ಮೊದಲು `pushState`, ಬಳಿಕ ಈ `render`. ಹಿಂದಕ್ಕೆ, ಮುಂದಕ್ಕೆ ಗುಂಡಿ ಒತ್ತಿದಾಗ ಬ್ರೌಸರ್ `popstate` ಎಂಬ ಸುದ್ದಿ ಕೊಡುತ್ತದೆ, ಆಗಲೂ ಇದೇ `render`. ನೇರವಾಗಿ ಬಂದು ಇಳಿದವರಿಗೆ ಫೋಕಸ್ ಸಾಲುಗಳು ಬೇಡ. ಬ್ರೌಸರ್ ಆಗ ತಾನಾಗಿಯೇ ಪುಟವನ್ನು ಪ್ರಕಟಿಸಿರುತ್ತದೆ, ಶೀರ್ಷಿಕೆಯ ಸಾಲಷ್ಟೇ ಸಾಕು.

ಸರಕು ಸರ್ವರ್‌ನಿಂದ ತಡವಾಗಿ ಬರುವ ತಾಣಗಳಲ್ಲಿ ಮೂರನೆಯದೊಂದು ತೊಡಕಿದೆ. ಓದುಗರು ‘ಪರ್ವ’ ಒತ್ತಿದರು, ನೆಟ್‌ವರ್ಕ್ ನಿಧಾನ, ಕಾಯದೆ ‘ಚೋಮನ ದುಡಿ’ ಒತ್ತಿದರು. ಎರಡನೆಯ ಪುಸ್ತಕದ ವಿವರ ಮೊದಲು ಬಂದು ಕೂತಿತು. ಆಮೇಲೆ ‘ಪರ್ವ’ದ ವಿವರ ತಡವಾಗಿ ಬಂದು ಶೀರ್ಷಿಕೆಯನ್ನು ತನ್ನ ಹೆಸರಿಗೆ ತಿರುಗಿಸಿಬಿಟ್ಟಿತು. ಈಗ ಪುಟದಲ್ಲಿ ಕಾರಂತರ ಕಾದಂಬರಿ, ಹೆಸರಿನಲ್ಲಿ ಭೈರಪ್ಪನವರದು. ಕಚೇರಿಯ ವೇಗದ ನೆಟ್‌ವರ್ಕಿನಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಕಾಣಸಿಗುವುದಿಲ್ಲ. ಪ್ರತಿ ಕೋರಿಕೆಗೂ ಒಂದು ಸರದಿ ಸಂಖ್ಯೆ ಕೊಟ್ಟು, ಉತ್ತರ ಬಂದಾಗ ಅದು ಇನ್ನೂ ಕೊನೆಯ ಕೋರಿಕೆಯೇ ಎಂದು ನೋಡಿದರೆ ಸಾಕು.

```js
const turn = ++latest;
const view = await loadView(url);
if (turn !== latest) return;
render(view);
```

ಶೀರ್ಷಿಕೆ ಈಗ ಸರಿಯಾಯಿತು. ಅದನ್ನು ಕೇಳಿದವರಿಗೆ ಸರಿಯುತ್ತರ ಸಿಗುತ್ತದೆ. ಆದರೆ ಕೇಳದೆಯೇ ಹೇಳುತ್ತದೆಯೇ? ಇಲ್ಲಿಯೇ ಬಹಳ ಜನ ತಪ್ಪು ತಿಳಿದಿರುವುದು. ನಡುವೆ ಶೀರ್ಷಿಕೆ ಬದಲಾದ ಮಾತ್ರಕ್ಕೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ ಎಂಬ ಖಾತ್ರಿ ಇಲ್ಲ. ಯಾವ ಬ್ರೌಸರ್, ಯಾವ ಸ್ಕ್ರೀನ್ ರೀಡರ್ ಎಂಬುದರ ಮೇಲೆ ಒಮ್ಮೆ ಕೇಳಿಸೀತು, ಒಮ್ಮೆ ಕೇಳಿಸದೇ ಹೋದೀತು. ಆದ್ದರಿಂದ ಬದಲಾವಣೆಯನ್ನು ಪ್ರಕಟಿಸುವ ಇನ್ನೊಂದು ಕೆಲಸ ಬೇರೆಯಾಗಿ ಆಗಬೇಕು. ಅದಕ್ಕೆ ಎರಡು ದಾರಿ ರೂಢಿಯಲ್ಲಿವೆ.

ಒಂದು, ಮೇಲಿನ ಕೋಡಿನಲ್ಲಿರುವಂತೆ ಹೊಸ ನೋಟದ ಮುಖ್ಯ ತಲೆಬರಹಕ್ಕೆ ಫೋಕಸ್ ಕೊಂಡೊಯ್ಯುವುದು. ಫೋಕಸ್ ಹೋದಲ್ಲಿ ಸ್ಕ್ರೀನ್ ರೀಡರ್ ಓದುತ್ತದೆ, ಹಾಗಾಗಿ ‘ಪರ್ವ’ ಎಂದು ಕೇಳಿಸುತ್ತದೆ. ಬಾಣದ ಕೀಲಿ ಒತ್ತಿದರೆ ಅಲ್ಲಿಂದಲೇ ಮುಂದಿನ ಸಾಲು ಸಿಗುತ್ತದೆ. ತಲೆಬರಹ ಸಾಮಾನ್ಯವಾಗಿ ಫೋಕಸ್ ಪಡೆಯುವ ವಸ್ತುವಲ್ಲ. ಅದಕ್ಕೇ `tabIndex` ಅನ್ನು -1 ಮಾಡಬೇಕು. ಕೋಡಿನಿಂದ ಫೋಕಸ್ ಕೊಡಬಹುದು, ಆದರೆ ಟ್ಯಾಬ್ ಕೀಲಿಯ ಸಾಲಿನಲ್ಲಿ ಅದು ಅಡ್ಡ ಬರುವುದಿಲ್ಲ ಎಂದು ಇದರ ಅರ್ಥ.

ಇನ್ನೊಂದು, ಪುಟದಲ್ಲಿ ಕಣ್ಣಿಗೆ ಕಾಣದ ಒಂದು ಪ್ರಕಟಣೆಯ ಜಾಗವನ್ನು `aria-live="polite"` ಎಂಬ ಗುರುತಿನೊಂದಿಗೆ ಮೊದಲೇ ಇಟ್ಟು, ನೋಟ ಬದಲಾದಾಗ ಅದರಲ್ಲಿ ಹೊಸ ಶೀರ್ಷಿಕೆಯನ್ನು ಬರೆಯುವುದು. ಸ್ಕ್ರೀನ್ ರೀಡರ್ ಆ ಜಾಗವನ್ನು ಗಮನಿಸುತ್ತಿದ್ದು, ಓದುತ್ತಿರುವ ಮಾತು ಮುಗಿಸಿ ಹೊಸದನ್ನು ಹೇಳುತ್ತದೆ. ‘ಮೊದಲೇ ಇಟ್ಟು’ ಎಂಬುದು ಇಲ್ಲಿ ಮುಖ್ಯ. ಜಾಗವನ್ನೂ ಮಾತನ್ನೂ ಒಟ್ಟಿಗೆ ಪುಟಕ್ಕೆ ಸೇರಿಸಿದರೆ ಬಹಳ ಸಲ ಏನೂ ಕೇಳಿಸುವುದಿಲ್ಲ. ನೆಕ್ಸ್ಟ್ ಜೆಎಸ್, ಸ್ವೆಲ್ಟ್‌ಕಿಟ್ ಎಂಬ ಚೌಕಟ್ಟುಗಳು ಈ ದಾರಿಯನ್ನು ಹಿಡಿದಿವೆ, ಅವುಗಳಲ್ಲಿ ಈ ಜಾಗ ತಾನಾಗಿಯೇ ಬರುತ್ತದೆ. ಅವು ಪ್ರಕಟಿಸುವುದು ಪುಟದ ಶೀರ್ಷಿಕೆಯನ್ನೇ ಆದ್ದರಿಂದ, ಶೀರ್ಷಿಕೆ ಬರೆಯದ ತಾಣದಲ್ಲಿ ಈ ಅನುಕೂಲ ಇದ್ದೂ ಇಲ್ಲದಂತೆ. ಎರಡು ದಾರಿಯನ್ನೂ ಒಟ್ಟಿಗೆ ಹಿಡಿದರೆ ಒಂದೇ ಹೆಸರು ಎರಡೆರಡು ಸಲ ಕಿವಿಗೆ ಬಡಿಯುತ್ತದೆ.

ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು 2019ರಲ್ಲಿ ಗ್ಯಾಟ್ಸ್‌ಬಿ ಎಂಬ ಚೌಕಟ್ಟಿನ ಪರವಾಗಿ ಮಾರ್ಸಿ ಸಟನ್ ಎಂಬ ತಂತ್ರಜ್ಞೆ ಬಳಕೆದಾರರ ಮುಂದೆಯೇ ಇಟ್ಟರು. ಬೇರೆ ಬೇರೆ ಅಂಗವೈಕಲ್ಯವಿರುವ ಕೆಲವರಿಂದ ಹಲವು ಮಾದರಿಗಳನ್ನು ಬಳಸಿ ನೋಡಿಸಿದರು. ಸ್ಕ್ರೀನ್ ರೀಡರ್ ಬಳಸುವವರಿಗೆ ತಲೆಬರಹಕ್ಕೆ ಹೋಗುವ ಫೋಕಸ್ ಒಗ್ಗಿತು. ಆದರೆ ಪರದೆಯನ್ನು ಬಹಳ ಹಿಗ್ಗಿಸಿ ನೋಡುವವರ, ಕಂಪ್ಯೂಟರಿಗೆ ಮಾತಿನಲ್ಲೇ ಅಪ್ಪಣೆ ಕೊಡುವವರ ಅಗತ್ಯಗಳು ಬೇರೆಯಾಗಿದ್ದವು. ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಸಿಗಲಿಲ್ಲ. ಸಾಮಾನ್ಯ ತಾಣಗಳಿಗೆ ಸರಿಯಾದ ಶೀರ್ಷಿಕೆ ಮತ್ತು ತಲೆಬರಹಕ್ಕೆ ಫೋಕಸ್, ಈ ಜೋಡಿ ಒಳ್ಳೆಯ ಆರಂಭ. ಫೋಕಸ್ ಸರಿಯಾಗಿ ನಿಂತರೆ ಕೀಲಿಮಣೆಯನ್ನಷ್ಟೇ ಬಳಸುವವರಿಗೂ ಅನುಕೂಲ. ಬರೀ ಪ್ರಕಟಣೆ ಅವರಿಗೆ ಏನೂ ಕೊಡುವುದಿಲ್ಲ.

ಇನ್ನು ಹುಡುಕಾಟದ ಮಾತು. ಗೂಗಲ್‌ನ ಹುಡುಕುಯಂತ್ರ ತಾಣಗಳನ್ನು ನೋಡಿ ಬರಲು ಗೂಗಲ್‌ಬಾಟ್ ಎಂಬ ತಂತ್ರಾಂಶವನ್ನು ಕಳಿಸುತ್ತದೆ. ಅದು ಜಾವಾಸ್ಕ್ರಿಪ್ಟನ್ನು ಓಡಿಸಬಲ್ಲದು, 2019ರ ಮೇ ತಿಂಗಳಿಂದ ಕ್ರೋಮ್ ಬ್ರೌಸರಿನ ಈಚಿನ ಆವೃತ್ತಿಯ ಯಂತ್ರವನ್ನೇ ಬಳಸುತ್ತಿದೆ. ಹಾಗಾಗಿ `document.title` ಕೊಟ್ಟ ಹೆಸರು ಅದಕ್ಕೂ ಕಾಣುತ್ತದೆ. ಆದರೆ ಅದು ಬಳಕೆದಾರರಂತೆ ತಾಣದೊಳಗೆ ಗುಂಡಿ ಒತ್ತುತ್ತಾ ತಿರುಗುವುದಿಲ್ಲ. ಕೊಂಡಿಗಳಲ್ಲಿರುವ ವಿಳಾಸಗಳನ್ನು ಬರೆದುಕೊಂಡು, ಒಂದೊಂದನ್ನೂ ಹಿಂದಿನ ನೆನಪಿಲ್ಲದೆ ಹೊಸದಾಗಿ ತೆರೆಯುತ್ತದೆ. ಒತ್ತಿದಾಗಷ್ಟೇ ಬದಲಾಗುವ ಶೀರ್ಷಿಕೆ ಅದಕ್ಕೆ ಎಂದೂ ಕಾಣಿಸದು. ಅದರ ಪಾಲಿಗೆ ತಾಣದ ಪ್ರತಿ ಪುಟದ ಹೆಸರೂ ‘ಪುಸ್ತಕ ಮಳಿಗೆ’. ವಾಟ್ಸ್ಆ್ಯಪ್ ಕೊಂಡಿಯಿಂದ ಬಂದ ಗೆಳೆಯರಿಗೂ ಗೂಗಲ್‌ಬಾಟ್‌ಗೂ ಕಷ್ಟ ಒಂದೇ, ಪರಿಹಾರವೂ ಒಂದೇ: ಶೀರ್ಷಿಕೆ ವಿಳಾಸದಿಂದ ಹುಟ್ಟಬೇಕು. ಕೊಂಡಿಗಳು `href` ಇರುವ ನಿಜವಾದ ಕೊಂಡಿಗಳಾಗಿರಬೇಕು. ಪ್ರತಿ ನೋಟಕ್ಕೂ ಬೇರೆ ವಿಳಾಸವಿರಬೇಕು, ಅದೂ `#` ಚಿಹ್ನೆಯ ನಂತರದ ಭಾಗದಲ್ಲಷ್ಟೇ ಬೇರೆಯಾಗಿದ್ದರೆ ಸಾಲದು. ಆ ಭಾಗವನ್ನು ಗೂಗಲ್ ಬೇರೆ ಪುಟವೆಂದು ಎಣಿಸುವುದಿಲ್ಲ.

ಶೀರ್ಷಿಕೆ ಸರಿಯಾಗಿದ್ದರೂ ಗೂಗಲ್ ಅದನ್ನೇ ತೋರಿಸುತ್ತದೆ ಎಂಬ ಭರವಸೆ ಪೂರ್ತಿ ಇಲ್ಲ. ಫಲಿತಾಂಶದಲ್ಲಿ ಕಾಣುವ ಹೆಸರನ್ನು ಅದು ಕೆಲವೊಮ್ಮೆ ಪುಟದ ತಲೆಬರಹದಿಂದಲೋ ಬೇರೆ ತಾಣಗಳು ಕೊಟ್ಟ ಕೊಂಡಿಯ ಪದಗಳಿಂದಲೋ ಆರಿಸುತ್ತದೆ. ಶೇಕಡಾ 87ರಷ್ಟು ಸಲ ಪುಟದ ಶೀರ್ಷಿಕೆಯನ್ನೇ ಬಳಸುತ್ತೇವೆ ಎಂದು 2021ರ ಸೆಪ್ಟೆಂಬರಿನಲ್ಲಿ ಅದು ತಿಳಿಸಿತ್ತು. ಅರ್ಧಂಬರ್ಧ ಬರೆದ, ಎಲ್ಲ ಪುಟಕ್ಕೂ ಒಂದೇ ಆಗಿರುವ ಶೀರ್ಷಿಕೆಗಳೇ ಹೆಚ್ಚಾಗಿ ಬದಲಾಗುವುದು. ಇನ್ನೊಂದು ಮಿತಿಯೂ ಇದೆ. ವಿಳಾಸ ಹಂಚಿಕೊಂಡಾಗ ಪುಟ್ಟ ಮುನ್ನೋಟ ತೋರಿಸುವ ತಂತ್ರಾಂಶಗಳಲ್ಲಿ ಅನೇಕವು ಜಾವಾಸ್ಕ್ರಿಪ್ಟನ್ನು ಓಡಿಸುವುದೇ ಇಲ್ಲ. ಅವುಗಳಿಗೆ ಸರ್ವರ್ ಮೊದಲು ಕಳಿಸಿದ ಪುಟದಲ್ಲಿದ್ದ ಹೆಸರೇ ಗತಿ. ಪುಸ್ತಕ ಮಾರುವ, ಸುದ್ದಿ ಕೊಡುವ ತಾಣಗಳು ಮೊದಲ ಪುಟವನ್ನು ಸರಿಯಾದ ಶೀರ್ಷಿಕೆಯೊಂದಿಗೆ ಸರ್ವರ್‌ನಲ್ಲೇ ಸಿದ್ಧಪಡಿಸಿ ಕಳಿಸುವುದು ಆದ್ದರಿಂದ ಮೇಲು.

ಶೀರ್ಷಿಕೆಯಲ್ಲಿ ಏನಿರಬೇಕು? ಆ ಪುಟಕ್ಕೆ ಮಾತ್ರ ಸೇರಿದ ಮಾತು ಮೊದಲು, ತಾಣದ ಹೆಸರು ಕೊನೆಗೆ: ‘ಪರ್ವ – ಎಸ್.ಎಲ್. ಭೈರಪ್ಪ – ಪುಸ್ತಕ ಮಳಿಗೆ’. ಸ್ಕ್ರೀನ್ ರೀಡರ್ ಬಳಸುವವರು ಬೇಕಾದ ಮಾತು ಕಿವಿಗೆ ಬಿದ್ದ ಕೂಡಲೇ ಕಂಟ್ರೋಲ್ ಕೀಲಿ ಒತ್ತಿ ಓದನ್ನು ನಿಲ್ಲಿಸಿ ಮುಂದೆ ಹೋಗುತ್ತಾರೆ. ಪ್ರತಿ ಸಲ ತಾಣದ ಹೆಸರು, ಅದರ ಘೋಷವಾಕ್ಯ ಕೇಳಿ ಮುಗಿಸಿದ ಮೇಲೆ ಪುಸ್ತಕದ ಹೆಸರು ಬಂದರೆ ದಿನವಿಡೀ ಅಷ್ಟೂ ಸಮಯ ವ್ಯರ್ಥ. ಬ್ರಿಟನ್ ಸರ್ಕಾರದ ತಾಣಗಳು ಇದರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿವೆ. ಅರ್ಜಿ ತುಂಬುವಾಗ ತಪ್ಪಾದರೆ ಶೀರ್ಷಿಕೆಯ ಮೊದಲಿಗೇ `Error:` ಎಂದು ಸೇರಿಸುವುದು ಅಲ್ಲಿನ ಕ್ರಮ. ಕನ್ನಡದ ತಾಣಗಳೂ ‘ತಪ್ಪಿದೆ:’ ಎಂದು ಸೇರಿಸಬಹುದು. ಕಳಿಸಿದ ಅರ್ಜಿ ಹೋಯಿತೋ ಇಲ್ಲವೋ ಎಂಬುದು ಮೊದಲ ಮಾತಿನಲ್ಲೇ ತಿಳಿಯುತ್ತದೆ.

ಹಾಗೆಂದು ಪರದೆಯಲ್ಲಿ ಆಗುವ ಪ್ರತಿ ಚಲನೆಗೂ ಹೆಸರು ಬದಲಿಸಬೇಕಿಲ್ಲ. ವಿಳಾಸ ಬದಲಾಗುವಷ್ಟು ದೊಡ್ಡ ಬದಲಾವಣೆಯಾದರೆ ಶೀರ್ಷಿಕೆಯೂ ಬದಲಾಗಲಿ. ಹುಡುಕು ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಾಗಲೂ ಹೆಸರು ಬದಲಿಸುತ್ತಾ ಹೋದರೆ ಕೇಳುವವರಿಗೆ ಗದ್ದಲವೇ ಹೊರತು ಮಾಹಿತಿಯಲ್ಲ.

ಕನ್ನಡ ತಾಣಗಳಿಗೆ ಒಂದು ಹೆಚ್ಚಿನ ಎಚ್ಚರಿಕೆ ಬೇಕು. ಪುಟದೊಳಗೆ ಯಾವ ಸಾಲು ಕನ್ನಡ, ಯಾವುದು ಇಂಗ್ಲಿಷ್ ಎಂದು ಗುರುತು ಹಾಕಬಹುದು, ಸ್ಕ್ರೀನ್ ರೀಡರ್ ಅದನ್ನು ನೋಡಿ ಧ್ವನಿ ಬದಲಿಸುತ್ತದೆ. ಶೀರ್ಷಿಕೆಯೊಳಗೆ ಅಂಥ ಗುರುತು ಹಾಕಲು ಬರುವುದಿಲ್ಲ, ಅಲ್ಲಿ ಬರೀ ಅಕ್ಷರಗಳಿಗಷ್ಟೇ ಜಾಗ. ಕಿಟಕಿಯ ಹೆಸರಾಗಿ ಓದುವಾಗ ಬಳಕೆದಾರರು ಆರಿಸಿಕೊಂಡ ಧ್ವನಿಯೇ ಸಾಮಾನ್ಯವಾಗಿ ಅದನ್ನು ಓದುತ್ತದೆ. ಎನ್‌ವಿಡಿಎ ಜೊತೆಗೆ ಬರುವ ಇಸ್ಪೀಕ್ ಧ್ವನಿಯಲ್ಲಿ ಕನ್ನಡ ಇದೆ. ಇಂಗ್ಲಿಷ್ ಮಾತ್ರ ಬಲ್ಲ ಧ್ವನಿ ಇಟ್ಟುಕೊಂಡವರಿಗೆ ಕನ್ನಡ ಅಕ್ಷರಗಳು ಕೇಳಿಸದೇ ಹೋಗಬಹುದು. ಇದಕ್ಕಾಗಿ ಕನ್ನಡ ಶೀರ್ಷಿಕೆಯನ್ನು ಬಿಡುವುದು ಸರಿಯಲ್ಲ. ಕನ್ನಡ ಪುಟಕ್ಕೆ ಕನ್ನಡದ್ದೇ ಹೆಸರಿರಲಿ, ಒಂದೇ ಶೀರ್ಷಿಕೆಯಲ್ಲಿ ಎರಡು ಲಿಪಿಗಳನ್ನು ಬೆರೆಸುವುದನ್ನು ಕಡಿಮೆ ಮಾಡಿದರೆ ಒಳ್ಳೆಯದು. ಪ್ರಕಟಣೆಯ ಜಾಗಕ್ಕೂ ತಲೆಬರಹಕ್ಕೂ `lang="kn"` ಎಂಬ ಗುರುತು ಹಾಕಲು ಬರುತ್ತದೆ, ಅಲ್ಲಿ ಹಾಕಬೇಕು.

ತಪ್ಪನ್ನು ಯಂತ್ರವೇ ಹಿಡಿದುಕೊಡುತ್ತದೆ ಎಂದು ಕಾಯುವಂತಿಲ್ಲ. ಲೈಟ್‌ಹೌಸ್‌ನಂಥ ಪರೀಕ್ಷಾ ಸಾಧನಗಳು ಪುಟಕ್ಕೆ ಶೀರ್ಷಿಕೆ ಇದೆಯೇ ಎಂದು ನೋಡುತ್ತವೆ, ‘ಪುಸ್ತಕ ಮಳಿಗೆ’ ಎಂದು ಇದ್ದರೆ ಪಾಸು. ಅದು ಈ ನೋಟಕ್ಕೆ ತಕ್ಕ ಹೆಸರೇ ಎಂಬುದು ಅವುಗಳಿಗೆ ತಿಳಿಯದು. ವೆಬ್ ಎಲ್ಲರಿಗೂ ಎಟುಕುವಂತಿರಲು ರೂಪಿಸಿದ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ 2.4.2 ಎಂಬ ನಿಯಮವಿದೆ. ಪುಟದ ವಿಷಯವನ್ನೋ ಉದ್ದೇಶವನ್ನೋ ಶೀರ್ಷಿಕೆ ಹೇಳಬೇಕು ಎನ್ನುತ್ತದೆ ಅದು. ಮೂರು ಹಂತಗಳಲ್ಲಿ ತೀರಾ ಮೊದಲ ಹಂತದ, ಅಂದರೆ ಕನಿಷ್ಠವೆಂದು ಎಣಿಸಿದ ನಿಯಮ ಇದು. ಭಾರತದಲ್ಲಿ ಇಂಥ ಮಾನಕಗಳಿಗೆ ಈಗ ಕಾನೂನಿನ ಬಲವೂ ಹೆಚ್ಚುತ್ತಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪು ಕೊಟ್ಟಿದೆ.

ಪರೀಕ್ಷೆಗೆ ಬೇಕಾದದ್ದು ಒಂದು ಕಂಪ್ಯೂಟರ್ ಮತ್ತು ಸ್ವಲ್ಪ ಹೊತ್ತು, ಕೋಡ್ ಬರಬೇಕೆಂದಿಲ್ಲ. ನಿತ್ಯ ಬಳಸುವ ಯಾವುದಾದರೂ ತಾಣದಲ್ಲಿ ಮೂರು ಪುಟ ಒಳಗೆ ಹೋಗಿ, ಹಿಂದಕ್ಕೆ ಗುಂಡಿಯನ್ನು ಒತ್ತಿ ಹಿಡಿಯಿರಿ. ಪಟ್ಟಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ತಾಣದವರಿಗೆ ಬರೆದು ತಿಳಿಸಿ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋದಿರಿ, ಆಗ ಟ್ಯಾಬಿನಲ್ಲಿ ಯಾವ ಹೆಸರಿತ್ತು, ಯಾವುದು ಇರಬೇಕಿತ್ತು ಎಂಬ ಮೂರು ಮಾತು ಬರೆದರೆ, ಅದನ್ನು ಸರಿಪಡಿಸುವವರಿಗೆ ಬೇಕಾದ ಮಾಹಿತಿ ಅದರಲ್ಲೇ ಇರುತ್ತದೆ.